ಸೋಮವಾರದ ಮೂವತ್ತು ಸಾಲು

ನಾನು ಕೆಲಸ ಮಾಡುವುದು ಹುಬ್ಬಳ್ಳಿಯ ಒಂದು ಸಗಟು ಅಂಗಡಿಯಲ್ಲಿ. ವೈರು, ಸ್ವಿಚ್ಚು, ಪಿವಿಸಿ ಪೈಪು ನಮ್ಮ ವ್ಯಾಪಾರ. ಸುತ್ತಲಿನ ಜಿಲ್ಲೆಗಳ ಸಣ್ಣ ಅಂಗಡಿಗಳಿಗೆ 45 ದಿನದ ಉದ್ರಿಯಲ್ಲಿ ಮಾಲು ಕೊಡುತ್ತೇವೆ. ಅವರು ಯುಪಿಐ, ಎನ್‌ಇಎಫ್‌ಟಿ ಮೂಲಕ ದುಡ್ಡು ಹಾಕುತ್ತಾರೆ. ಬ್ಯಾಂಕಿಗೆ ಬಂದ ಒಂದೊಂದು ಜಮೆಯೂ ಯಾವ ಪಾರ್ಟಿಯದು ಎಂದು ಗುರುತಿಸಿ ಅವರ ಖಾತೆಗೆ ಹಾಕಬೇಕು. ಮೊದಲು ಈ ಕೆಲಸವನ್ನು ನಮ್ಮ ಲೆಕ್ಕದ ಕಾಕಾ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಮಾಡುತ್ತಿದ್ದರು. ನಾನು ಅದಕ್ಕೊಂದು ಪೈಥಾನ್ ಸ್ಕ್ರಿಪ್ಟ್ ಬರೆದು, ರಾತ್ರಿ ಎರಡು ಗಂಟೆಗೆ ತಾನಾಗಿಯೇ ಓಡುವಂತೆ ಕ್ರಾನ್‌ಗೆ ಹಾಕಿದೆ. ವಾರಕ್ಕೆ ಸುಮಾರು 900 ಜಮೆ.

ಬೆಳಿಗ್ಗೆ ಒಂದು ಮೇಲ್ ಬರುತ್ತಿತ್ತು: 'ಹೊಂದಿದ್ದು 141, ಉಳಿದದ್ದು 9, ದೋಷ 0'. ಆ ಸೊನ್ನೆಯನ್ನು ನಾನು ನಾಲ್ಕು ತಿಂಗಳು ನಂಬಿದೆ. ಸ್ಕ್ರಿಪ್ಟ್ ಎಲ್ಲೂ ಮುರಿದು ಬೀಳಲಿಲ್ಲ ಎಂಬುದಷ್ಟೇ ಅದರ ಅರ್ಥ. ಕೊಪ್ಪಳದವರ ದುಡ್ಡು ಗದಗದವರ ಖಾತೆಗೆ ಹೋದರೂ ಅದು ಸೊನ್ನೆಯೇ.

ಇಂಥ ತಪ್ಪು ತಾನಾಗಿ ಹೊರಗೆ ಬರುವುದಿಲ್ಲ. ಒಟ್ಟು ಮೊತ್ತ ಬ್ಯಾಂಕಿನ ಜೊತೆ ಸರಿಯಾಗಿಯೇ ತಾಳೆಯಾಗುತ್ತದೆ. ಬಾಕಿ ತನ್ನಷ್ಟಕ್ಕೆ ಕಡಿಮೆಯಾದ ಪಾರ್ಟಿ ಫೋನ್ ಮಾಡಿ ಹೇಳುವುದಿಲ್ಲ, ಅಲ್ವಾ? ದುಡ್ಡು ಕೊಟ್ಟವನಿಗೂ 45 ದಿನ ಕಳೆದು ನಮ್ಮ ವಸೂಲಿ ಹುಡುಗ ಬಾಗಿಲಿಗೆ ಬರುವವರೆಗೆ ಗೊತ್ತಾಗುವುದಿಲ್ಲ. ನಮಗೆ ಮೊದಲ ಸುಳಿವು ಸಿಕ್ಕಿದ್ದು ಹಾಗೇ. ಒಬ್ಬ ಹಳೆಯ ಪಾರ್ಟಿ ಮೊಬೈಲ್ ತೆರೆದು ಸ್ಕ್ರೀನ್‌ಶಾಟ್ ತೋರಿಸಿ, ಹುಡುಗನನ್ನು ಬೈದು ಕಳಿಸಿದರು. ಕಾಕಾ ನನ್ನ ಮೇಜಿನ ಹತ್ತಿರ ಬಂದು, "ಏನಪಾ, ನಿನ್ನ ಮಷೀನ್ ಯಾರ ರೊಕ್ಕ ಯಾರಿಗೆ ಕೊಟ್ಟದ?" ಎಂದರು.

ಅವತ್ತು ಆ ಒಂದು ಜಮೆಯನ್ನು ಸರಿಪಡಿಸಿ ಸುಮ್ಮನಾಗಬಹುದಿತ್ತು. ಆದರೆ ಇಂಥವು ಇನ್ನೆಷ್ಟಿವೆ ಎಂಬ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. 900 ಸಾಲನ್ನೂ ಮತ್ತೆ ನೋಡುವುದಾದರೆ ಸ್ಕ್ರಿಪ್ಟ್ ಯಾಕೆ ಬೇಕು? ಹಾಗಾಗಿ ವಾರಕ್ಕೆ 30 ಸಾಲು ಚೀಟಿ ಎತ್ತಿದ ಹಾಗೆ ಆರಿಸಿ ನೋಡೋಣ ಎಂದುಕೊಂಡೆ.

ಮೊದಲನೇ ವಾರವೇ ಎಡವಿದೆ. ಸ್ಕ್ರಿಪ್ಟ್ ಏನು ತೀರ್ಮಾನಿಸಿತು ಎಂಬುದು ದಾಖಲಾಗಿತ್ತು, ಯಾಕೆ ಎಂಬುದು ಇರಲಿಲ್ಲ. ಆಮೇಲೆ ಪ್ರತಿ ಜಮೆಗೂ ಒಂದು ಸಾಲು ಬರೆಯಿಸಿದೆ: ಯಾವ ನಿಯಮದಿಂದ ಹೊಂದಿತು, ಹೋಲಿಕೆಗೆ ನೂರಕ್ಕೆ ಎಷ್ಟು ಅಂಕ ಬಂತು, ಎರಡನೇ ಸ್ಥಾನದಲ್ಲಿದ್ದ ಪಾರ್ಟಿ ಯಾವುದು. ಆ ಎರಡನೇ ಸ್ಥಾನದ ವಿವರ ಮುಂದೆ ಬಹಳ ಕೆಲಸಕ್ಕೆ ಬಂತು.

ಸ್ಕ್ರಿಪ್ಟಿನಲ್ಲಿ ನಾಲ್ಕು ನಿಯಮಗಳಿವೆ. ಬ್ಯಾಂಕ್ ವಿವರಣೆಯಲ್ಲಿ ಬಿಲ್ ನಂಬರ್ ಇದ್ದರೆ R1, ವಾರಕ್ಕೆ ಸುಮಾರು 380. ಮೊದಲೇ ಉಳಿಸಿಟ್ಟ ಯುಪಿಐ ಐಡಿ ಸಿಕ್ಕರೆ R2, 350. ಹೆಸರಿನ ಹೋಲಿಕೆಯ ಮೇಲೆ ಊಹಿಸಿದ್ದು R3, 110. ಇದು ಪಾರ್ಟಿ ದುಡ್ಡೇ ಅಲ್ಲ, ಬಡ್ಡಿಯೋ ನಮ್ಮದೇ ಇನ್ನೊಂದು ಖಾತೆಯಿಂದ ಬಂದದ್ದೋ ಎಂದು ಬಿಟ್ಟದ್ದು R4, 60. ಎಲ್ಲವನ್ನೂ ಒಂದೇ ಗುಡ್ಡೆ ಮಾಡಿ 30 ಎತ್ತಿದರೆ R3ನಿಂದ ಮೂರೋ ನಾಲ್ಕೋ ಬರುತ್ತವೆ, R4ನಿಂದ ಎರಡು. ಅನುಮಾನ ಇರುವ ಕಡೆಯೇ ಕಣ್ಣು ಬೀಳುವುದಿಲ್ಲ. ಅದಕ್ಕೆ ಗುಡ್ಡೆಗಳನ್ನು ಬೇರೆ ಮಾಡಿ, ಒಂದೊಂದರಿಂದ ಇಷ್ಟಿಷ್ಟು ಎಂದು ಎತ್ತಿದೆ. ಇಲ್ಲಿ rows ಎಂದರೆ ಆ ವಾರದ ದಾಖಲೆಯ ಸಾಲುಗಳು:

```python
import random
r = random.Random("2024-W23")
for rule, n in [("R1",6), ("R2",6), ("R3",12), ("R4",6)]:
    ids = sorted(d["id"] for d in rows if d["rule"] == rule)
    print(rule, r.sample(ids, min(n, len(ids))))
```

ವಾರದ ಹೆಸರನ್ನೇ ಬೀಜವಾಗಿ ಕೊಟ್ಟದ್ದಕ್ಕೆ ಕಾರಣವಿದೆ. ಅದೇ ವಾರಕ್ಕೆ ಎಷ್ಟು ಸಲ ಓಡಿಸಿದರೂ ಅದೇ 30 ಸಾಲು ಬರುತ್ತವೆ. ಕಷ್ಟದ ಸಾಲು ಬಂದಾಗ 'ಇನ್ನೊಮ್ಮೆ ಎತ್ತೋಣ' ಎನ್ನುವ ಚಪಲ ನನಗೇ ಇತ್ತು, ಸುಳ್ಳು ಯಾಕೆ ಹೇಳಲಿ.

ನೋಡುವ ಕೆಲಸ ಕಾಕಾ ಅವರದು. ಸೋಮವಾರ ಚಹಾ ಆದ ಮೇಲೆ ಪಟ್ಟಿ ಕೊಟ್ಟೆ. ಜಮೆಯ ವಿವರ, ಪಕ್ಕದಲ್ಲಿ ಸ್ಕ್ರಿಪ್ಟ್ ಆರಿಸಿದ ಪಾರ್ಟಿ ಹೆಸರು. ಹತ್ತೇ ನಿಮಿಷದಲ್ಲಿ ಮೂವತ್ತಕ್ಕೂ ಟಿಕ್ ಹಾಕಿ ವಾಪಸ್ ಕೊಟ್ಟರು. ನನಗೆ ಅನುಮಾನ ಬಂತು. ಮುಂದಿನ ವಾರ ಬೇಕಂತಲೇ ಎರಡು ಸಾಲಿನಲ್ಲಿ ಪಾರ್ಟಿ ಹೆಸರು ಬದಲಿಸಿ ಕೊಟ್ಟೆ. ಅವಕ್ಕೂ ಟಿಕ್ ಬಿತ್ತು. ಹೇಳಿದಾಗ ಕಾಕಾಗೆ ಸಿಟ್ಟು ಬಂತು. "ನನ್ನ ಪರೀಕ್ಷೆ ಮಾಡ್ತಿಯೇನು?" ಎಂದು ಎರಡು ದಿನ ಮಾತು ಬಿಟ್ಟರು. ತಪ್ಪು ಅವರದ್ದಲ್ಲ. ಉತ್ತರ ಎದುರಿಗೇ ಇದ್ದರೆ ಯಾರಿಗಾದರೂ ಅದು ಸರಿಯೆಂದೇ ಕಾಣುತ್ತದೆ.

ಆಮೇಲೆ ಉತ್ತರದ ಕಾಲಂ ತೆಗೆದುಬಿಟ್ಟೆ. ಬರೀ ಜಮೆಯ ವಿವರ ಕೊಟ್ಟು 'ಇದು ಯಾರದು?' ಎಂದು ಕೇಳಿದೆ. ಕಾಕಾ ಖಾಲಿ ಕಾಲಂನಲ್ಲಿ ಹೆಸರು ಬರೆಯಬೇಕು, ಇಲ್ಲವೇ 'ಗೊತ್ತಾಗಲ್ಲ' ಎನ್ನಬೇಕು. ಅವರು ಬರೆದದ್ದನ್ನು ಸ್ಕ್ರಿಪ್ಟಿನ ಉತ್ತರದ ಜೊತೆ ನಾನು ಹೋಲಿಸುತ್ತೇನೆ. ಇನ್ನೊಂದು ಕಟ್ಟುನಿಟ್ಟು: ಸ್ಕ್ರಿಪ್ಟ್ ನೋಡುವ ಪಾರ್ಟಿ ಪಟ್ಟಿಯನ್ನು ಅವರು ನೋಡಬಾರದು. ಪಾರ್ಟಿಗಳು ವಾಟ್ಸಾಪ್‌ನಲ್ಲಿ ಕಳಿಸಿದ ಸ್ಕ್ರೀನ್‌ಶಾಟ್, ಸೇಲ್ಸ್ ಹುಡುಗರ ಡೈರಿ ನೋಡಬಹುದು, ಅದೂ ಇಲ್ಲದಿದ್ದರೆ ಫೋನ್ ಮಾಡಬಹುದು. ಪಟ್ಟಿಯಲ್ಲೇ ತಪ್ಪಿದ್ದರೆ, ಅದನ್ನು ನೋಡಿ ಪರೀಕ್ಷೆ ಮಾಡಿದವರಿಗೂ ಅದೇ ತಪ್ಪು ಉತ್ತರ ಬರುತ್ತದೆ. ಕೆಲಸ ಹತ್ತು ನಿಮಿಷದಿಂದ ಮುಕ್ಕಾಲು ಗಂಟೆಗೆ ಏರಿತು.

ಆ ವಾರ R3ನ ಹನ್ನೆರಡರಲ್ಲಿ ಎರಡು ತಪ್ಪು ಸಿಕ್ಕವು. ಒಂದನ್ನು ಪೂರ್ತಿ ಹೇಳುತ್ತೇನೆ, ಊರು ಹೆಸರು ಬದಲಿಸಿದ್ದೇನೆ. ಬ್ಯಾಂಕ್ ವಿವರಣೆಯಲ್ಲಿ ಹೆಸರಿನ ಜಾಗದಲ್ಲಿ ಇದ್ದದ್ದು `SRI MANJUNATHA ELEC` ಅಷ್ಟೇ, ಉದ್ದ ಜಾಸ್ತಿಯಾದ ಹೆಸರು ಅಲ್ಲಿಗೇ ಕತ್ತರಿಸಿ ಹೋಗಿತ್ತು. ಮೊತ್ತ 25,000, ಬಿಲ್ಲಿಗೆ ಹೊಂದದ ಉಂಡೆ ಮೊತ್ತ. ನಮ್ಮ ಕಡೆ ಮಂಜುನಾಥ, ಬಸವೇಶ್ವರ, ವೀರಭದ್ರೇಶ್ವರ ಇಲ್ಲದ ಪೇಟೆ ಉಂಟೇ? ಪಟ್ಟಿಯಲ್ಲಿ ಗದಗದ 'ಮಂಜುನಾಥ ಎಲೆಕ್ಟ್ರಿಕಲ್ಸ್' ಇದೆ, ಕೊಪ್ಪಳದ 'ಮಂಜುನಾಥ ಎಲೆಕ್ಟ್ರಿಕಲ್ಸ್ ಅಂಡ್ ಪೈಪ್ಸ್' ಇದೆ. ಕತ್ತರಿಸಿದ ಹೆಸರಿಗೆ ಚಿಕ್ಕ ಹೆಸರೇ ಹೆಚ್ಚು ಹೋಲುತ್ತದೆ. ಗದಗಕ್ಕೆ 91 ಅಂಕ, ಕೊಪ್ಪಳಕ್ಕೆ 86. ನನ್ನ ನಿಯಮ 85 ದಾಟಿದವರಲ್ಲಿ ಮೊದಲನೆಯವರನ್ನು ಆರಿಸುತ್ತಿತ್ತು. ದುಡ್ಡು ಕೊಪ್ಪಳದ್ದು.

ಇಲ್ಲಿ ಲೆಕ್ಕ ಹಾಕುವಾಗ ಒಂದು ಎಚ್ಚರಿಕೆ ಬೇಕು. ಮೂವತ್ತರಲ್ಲಿ ಎರಡು ತಪ್ಪು, ಅಂದರೆ ನೂರಕ್ಕೆ ಏಳು ಎಂದು ಮಾಲೀಕರಿಗೆ ಹೇಳಿದ್ದರೆ ಸ್ಕ್ರಿಪ್ಟನ್ನು ಅವತ್ತೇ ನಿಲ್ಲಿಸುತ್ತಿದ್ದರು. R3ನಿಂದ ನಾನು ಬೇಕೆಂದೇ ಹೆಚ್ಚು ಸಾಲು ಎತ್ತಿದ್ದೆ. ಸರಿಯಾದ ಲೆಕ್ಕ ಹೀಗೆ: ಹನ್ನೆರಡರಲ್ಲಿ ಎರಡು ಎಂದರೆ ಆ ಗುಡ್ಡೆಯ 110ರಲ್ಲಿ ಸುಮಾರು 18. ಬೇರೆ ಗುಡ್ಡೆಗಳಲ್ಲಿ ಏನೂ ಸಿಕ್ಕಿಲ್ಲ. ಹಾಗಾಗಿ ವಾರದ 900ಕ್ಕೆ ಅಂದಾಜು 18, ನೂರಕ್ಕೆ ಎರಡು. ಹನ್ನೆರಡೇ ಸಾಲಿನ ಮೇಲೆ ನಿಂತ ಅಂದಾಜು ಇದು, ಅಲುಗಾಡುತ್ತದೆ. ಆಮೇಲೆ ಆ ವಾರದ R3 ಪೂರ್ತಿ ಕೂತು ನೋಡಿದಾಗ ಸಿಕ್ಕದ್ದು 13.

ಪರಿಹಾರ ಸಣ್ಣದು. ಮೊದಲ ಮತ್ತು ಎರಡನೇ ಸ್ಥಾನದ ನಡುವೆ 10 ಅಂಕದ ಅಂತರ ಇಲ್ಲದಿದ್ದರೆ ಸ್ಕ್ರಿಪ್ಟ್ ತೀರ್ಮಾನ ಮಾಡದೆ ಮನುಷ್ಯರಿಗೆ ಬಿಡಬೇಕು. ಕಾಕಾ 'ಗೊತ್ತಾಗಲ್ಲ' ಎಂದ ಸಾಲುಗಳನ್ನೂ ನಾನು ಸ್ಕ್ರಿಪ್ಟಿನ ತಪ್ಪು ಎಂದೇ ಬರೆದುಕೊಳ್ಳುತ್ತೇನೆ. ಮೂವತ್ತು ವರ್ಷ ಖಾತೆ ಬರೆದವರಿಗೇ ಹೇಳಲಾಗದ್ದನ್ನು ಅದು ಧೈರ್ಯವಾಗಿ ಹೇಳಬಾರದು.

ದೊಡ್ಡ ಆಘಾತ ಅದರ ಮುಂದಿನ ವಾರ ಬಂತು. ಈ ಸಲ ತಪ್ಪು ಸಿಕ್ಕಿದ್ದು R2ನಲ್ಲಿ, ನಾನು ಕಣ್ಣು ಮುಚ್ಚಿ ನಂಬುತ್ತಿದ್ದ ಗುಡ್ಡೆಯಲ್ಲಿ. ಅದೇ ಕೊಪ್ಪಳದ ಪಾರ್ಟಿ. ಅವರ ಯುಪಿಐ ಐಡಿ ಗದಗದವರ ಹೆಸರಿನಲ್ಲಿ ಉಳಿದಿತ್ತು. ಯಾರು ಉಳಿಸಿದರು? ನನ್ನದೇ ಸ್ಕ್ರಿಪ್ಟ್. R3ನಲ್ಲಿ ಒಮ್ಮೆ ಹೊಂದಿದರೆ, ಮುಂದಿನ ಸಲ ಸುಲಭವಾಗಲಿ ಎಂದು ಆ ಐಡಿಯನ್ನು ಪಟ್ಟಿಗೆ ಸೇರಿಸುವ ಜಾಣತನ ನಾನೇ ತೋರಿಸಿದ್ದೆ. ಹೀಗೆ R3ನ ಒಂದು ತಪ್ಪು ಊಹೆ, ಮುಂದಿನ ರಾತ್ರಿಯಿಂದ R2ನ ಖಚಿತ ಉತ್ತರವಾಗುತ್ತಿತ್ತು. ಪ್ರತಿ ಜಮೆಯಲ್ಲೂ ಅದೇ ತಪ್ಪು, ಅಂಕ ಮಾತ್ರ 100. ಕಾಕಾ ನಮ್ಮ ಪಾರ್ಟಿ ಪಟ್ಟಿ ತೆರೆದು ನೋಡಿದ್ದರೆ ಇದು ಎಂದೂ ಸಿಗುತ್ತಿರಲಿಲ್ಲ. ಸೇಲ್ಸ್ ಹುಡುಗನ ಡೈರಿಯಲ್ಲಿ 'ಕೊಪ್ಪಳ 25' ಎಂದಿತ್ತು, ಅದರಿಂದ ಸಿಕ್ಕಿತು.

ಸ್ಕ್ರಿಪ್ಟ್ ತಾನಾಗಿ ಕಲಿತ ಐಡಿಗಳನ್ನೆಲ್ಲ ತೆಗೆಸಿದೆ, 74 ಇದ್ದವು. ಇಲ್ಲಿ ಮಾದರಿ ಎತ್ತುವ ಮಾತೇ ಇಲ್ಲ, ಪೂರ್ತಿ ನೋಡಿದೆವು. ಐದು ತಪ್ಪು. ಈಗ ಕಾಕಾ ಒಪ್ಪದೆ ಯಾವ ಐಡಿಯೂ ಪಟ್ಟಿ ಸೇರುವುದಿಲ್ಲ.

R4ನಲ್ಲಿ ಹಲವು ವಾರ ಏನೂ ಸಿಗಲಿಲ್ಲ. ಸುಮ್ನೆ ಸಮಯ ಹಾಳು, ತೆಗೆದುಬಿಡೋಣ ಎನ್ನಿಸಿತ್ತು. ಒಂದು ಸೋಮವಾರ ಅಲ್ಲಿ 18,400 ರೂಪಾಯಿಯ ಒಂದು ಜಮೆ ಬಂತು. ಪಾರ್ಟಿಯವರು ಯುಪಿಐ ಟಿಪ್ಪಣಿಯಲ್ಲಿ ನಮ್ಮ ಅಂಗಡಿಯ ಹೆಸರು ಬರೆದಿದ್ದರು, ಪಾಪ, ಯಾರಿಗೆ ಕೊಟ್ಟದ್ದು ಎಂದು ನೆನಪಿಗೆ. ಸ್ಕ್ರಿಪ್ಟ್ ಅದನ್ನು ಕಂಡು 'ನಮ್ಮದೇ ಖಾತೆಯಿಂದ ಬಂದದ್ದು' ಎಂದು, ತೀರ್ಮಾನವಾಗದ ದುಡ್ಡು ಇಡುವ ಸಸ್ಪೆನ್ಸ್ ಖಾತೆಗೆ ತಳ್ಳಿತ್ತು. ಅದೇ ತರಹದವು ಹಿಂದಿನ ತಿಂಗಳುಗಳಲ್ಲಿ ಇನ್ನೂ ನಾಲ್ಕು ಇದ್ದವು. ಕಳಿಸಿದವರ ಖಾತೆ ನಂಬರ್ ನಮ್ಮದೇ ಆಗಿದ್ದರೆ ಮಾತ್ರ ಹಾಗೆ ಬಿಡು ಎಂದು ನಿಯಮ ಬಿಗಿ ಮಾಡಿದೆ.

ಮಾಲೀಕರು ಒಮ್ಮೆ ಕೇಳಿದರು, "ಈ ವಾರ ಮೂವತ್ತೂ ಸರಿ ಅಂದ್ರೆ ಎಲ್ಲಾ ಸರಿ ಅಂತಲೇನು?" ಅಲ್ಲ. 900ರಿಂದ ಸುಮ್ಮನೆ ಎತ್ತಿದ 30 ಸಾಲು ಪೂರ್ತಿ ಸರಿ ಬಂದರೂ, ನೂರಕ್ಕೆ ಹತ್ತರವರೆಗೆ ತಪ್ಪು ಅಡಗಿರುವ ಸಾಧ್ಯತೆಯನ್ನು ತಳ್ಳಿಹಾಕಲು ಆಗುವುದಿಲ್ಲ. ಮೂರನ್ನು ನೋಡಿದ ಸಾಲುಗಳ ಸಂಖ್ಯೆಯಿಂದ ಭಾಗಿಸುವ ಹಳೆಯ ಅಂದಾಜು ಅದು. ನೂರಕ್ಕೆ ಎರಡು ತಪ್ಪಿದ್ದರೆ ಒಂದು ವಾರದಲ್ಲಿ ಒಂದಾದರೂ ಸಿಗುವ ಸಂಭವ ಅರ್ಧಕ್ಕಿಂತ ಕಡಿಮೆ, ನೂರಕ್ಕೆ 45. ಅದೇ ನಾಲ್ಕು ವಾರ ಸೇರಿದರೆ 120 ಸಾಲು, ನೂರಕ್ಕೆ 91. ಅದಕ್ಕೇ ನಾನು ವಾರದ ಫಲಿತಾಂಶದ ಬದಲು ಕಳೆದ ನಾಲ್ಕು ವಾರದ ಒಟ್ಟು ನೋಡುತ್ತೇನೆ. ಆದರೆ ನಡುವೆ ಸ್ಕ್ರಿಪ್ಟ್ ಬದಲಿಸಿದರೆ ಹಳೆಯ ವಾರಗಳನ್ನು ಸೇರಿಸುವುದಿಲ್ಲ. ಅದು ಬೇರೆಯೇ ಸ್ಕ್ರಿಪ್ಟ್. ಎಣಿಕೆ ಮತ್ತೆ ಸೊನ್ನೆಯಿಂದ ಶುರು, ಮೊದಲ ಎರಡು ವಾರ ಮೂವತ್ತರ ಬದಲು ಅರವತ್ತು.

ವರ್ಷಕ್ಕೊಮ್ಮೆ ಆಗುವ ತಪ್ಪನ್ನು ಇದು ಹಿಡಿಯುವುದಿಲ್ಲ. ಆ ಒಂದು ತಪ್ಪು ಐದು ಲಕ್ಷದ್ದಾಗಿದ್ದರೆ ಕಷ್ಟ. ಹಾಗಾಗಿ ಒಂದು ಲಕ್ಷ ದಾಟಿದ ಜಮೆಗಳನ್ನು ಚೀಟಿಗೆ ಸೇರಿಸುವುದೇ ಇಲ್ಲ. ವಾರಕ್ಕೆ ಏಳೆಂಟು ಇರುತ್ತವೆ, ಅವನ್ನು ಕಾಕಾ ಅಂದಂದೇ ನೋಡುತ್ತಾರೆ.

ಮನುಷ್ಯರಿಗೆ ಬಿಟ್ಟ ಸಾಲುಗಳು ದಿನಕ್ಕೆ ಒಂಬತ್ತರಿಂದ ಹದಿನೈದಕ್ಕೆ ಏರಿವೆ. ಕಾಕಾ ಗೊಣಗುತ್ತಾರೆ. ಕಳೆದ ಸೋಮವಾರ, ಅವರು ಬರೆದದ್ದರ ಪಕ್ಕ ನಾನು ಸ್ಕ್ರಿಪ್ಟಿನ ಉತ್ತರ ಇಟ್ಟು ಹೋಲಿಸುವಾಗ, ಕನ್ನಡಕದ ಮೇಲಿಂದ ನೋಡಿ, "ಈ ಸಲ ನೀನು ಹಾಕಿದ ಸುಳ್ಳು ಎಷ್ಟನೇದು?" ಎಂದರು. ನಾನು ಯಾವುದನ್ನೂ ಹಾಕಿರಲಿಲ್ಲ. ಅವರು ಬೆರಳಿಟ್ಟದ್ದು ಹದಿನೇಳನೇ ಸಾಲಿನ ಮೇಲೆ. ಅದು ಸ್ಕ್ರಿಪ್ಟಿನದೇ ತಪ್ಪು.