ಜಿಮ್ ಶುಲ್ಕವನ್ನು ಭಾಗಿಸಬೇಕಾದದ್ದು 365ರಿಂದಲ್ಲ

ಜಿಮ್‌ನ ಕೌಂಟರಿನಲ್ಲಿ ಕುಳಿತವರು ವರ್ಷದ 12,000 ರೂಪಾಯಿಯನ್ನು 365ರಿಂದ ಭಾಗಿಸಿ, ‘ದಿನಕ್ಕೆ ಬರೀ 33 ರೂಪಾಯಿ ಸರ್, ಒಂದು ಪ್ಲೇಟ್ ಇಡ್ಲಿಗಿಂತ ಕಡಿಮೆ’ ಎಂದು ಹೇಳಿದ ಮೇಲೆ ಲೆಕ್ಕ ಮರೆತು ಹಣ ಕಟ್ಟಿದವರನ್ನು ನಾನು ಬಹಳ ನೋಡಿದ್ದೇನೆ. ವರ್ಷದಲ್ಲಿ 365 ದಿನವೂ ಜಿಮ್‌ಗೆ ಹೋಗುವವರು ಯಾರೂ ಇಲ್ಲ. ಭಾನುವಾರ ಬಾಗಿಲು ಮುಚ್ಚುವ ಜಿಮ್‌ನಲ್ಲಿ ಅದು ಸಾಧ್ಯವೂ ಇಲ್ಲ.

ಮೊದಲು ದರಗಳನ್ನು ಬರೆದುಕೊಳ್ಳಿ. ಬೆಂಗಳೂರಿನಲ್ಲಿ ನನ್ನ ಸ್ನೇಹಿತರೊಬ್ಬರು ಮತ್ತೆ ಹೊಸದಾಗಿ ಸೇರಲು ಹೊರಟಿದ್ದ ಜಿಮ್‌ನ ದರಗಳು ಹೀಗಿದ್ದವು: ಪ್ರವೇಶ ಶುಲ್ಕ 1,500, ತಿಂಗಳಿಗೆ 2,000, ಮೂರು ತಿಂಗಳಿಗೆ 5,000, ವರ್ಷಕ್ಕೆ 12,000. ಸದಸ್ಯರಲ್ಲದವರು ಒಂದು ದಿನ ಬಂದು ಹೋಗಲು ತೆರಿಗೆ ಸೇರಿ 200 ರೂಪಾಯಿ. ಈ ಕೊನೆಯ ದರವನ್ನು ಹಲವು ಜಿಮ್‌ಗಳು ಫಲಕದಲ್ಲಿ ಹಾಕುವುದಿಲ್ಲವಾದ್ದರಿಂದ ಬಾಯಿಬಿಟ್ಟು ಕೇಳಬೇಕು.

ನಂತರ ತೆರಿಗೆ ಸೇರಿಸಿ. ಜಿಮ್ ಸೇವೆಯ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 18ರ ಬದಲು ಶೇ 5 ಆಗಿದೆ. ಹಳೆಯ ದರವನ್ನೇ ಕೂಡಿಸಿ ಬಿಲ್ ಕೊಟ್ಟರೆ ಪ್ರಶ್ನಿಸಿ. ಪ್ರವೇಶ ಶುಲ್ಕವೂ ಸೇರಿ ವರ್ಷದ ಯೋಜನೆ 14,175 ರೂಪಾಯಿಗೂ ಮೂರು ತಿಂಗಳದ್ದು 6,825 ರೂಪಾಯಿಗೂ ಬಂದು ನಿಲ್ಲುತ್ತದೆ.

ಮೂರನೆಯದಾಗಿ ನೀವು ನಿಜಕ್ಕೂ ಎಷ್ಟು ಸಲ ಹೋಗುತ್ತೀರಿ ಎಂಬುದನ್ನು ಅಂದಾಜು ಮಾಡಬೇಕು. ಎಲ್ಲರೂ ಎಡವುವುದು ಇಲ್ಲಿಯೇ. ‘ವಾರಕ್ಕೆ ಐದು ದಿನ’ ಎಂಬ ಉತ್ತರವನ್ನು ದಯವಿಟ್ಟು ಕಾಗದದ ಮೇಲೆ ಬರೆಯಬೇಡಿ. ಅದು ಸಂಕಲ್ಪವೇ ಹೊರತು ಹಾಜರಿಯಲ್ಲ. ಹಿಂದೆ ಯಾವುದಾದರೂ ಜಿಮ್‌ನಲ್ಲಿದ್ದರೆ ಅಲ್ಲಿನ ಬೆರಳಚ್ಚು ಯಂತ್ರದಲ್ಲಿ ಅಥವಾ ಸಹಿ ಪುಸ್ತಕದಲ್ಲಿ ನಿಮ್ಮ ಹಾಜರಿ ಇರುತ್ತದೆ, ಕೇಳಿ ಪಡೆಯಿರಿ. ನನ್ನ ಸ್ನೇಹಿತರು ಹಿಂದಿನ ವರ್ಷದ ಹಾಜರಿ ತೆಗೆಸಿದಾಗ ಜನವರಿಯಲ್ಲಿ 19, ಫೆಬ್ರುವರಿಯಲ್ಲಿ 14, ಮಾರ್ಚ್‌ನಲ್ಲಿ 9, ಏಪ್ರಿಲ್‌ನಲ್ಲಿ 6 ದಿನ ಬಂದಿದ್ದು ಕಂಡಿತು. ಮಕ್ಕಳಿಗೆ ರಜೆಯೆಂದು ಊರಿಗೆ ಹೋದ ಮೇ ತಿಂಗಳಲ್ಲಿ ಎರಡೇ ದಿನ; ಮಳೆ ಹಿಡಿದ ಜೂನ್, ಜುಲೈನಲ್ಲಿ ಸೊನ್ನೆ. ಆಗಸ್ಟ್‌ನಲ್ಲಿ ಮತ್ತೆ ಹುರುಪು ಬಂದು 5, ಸೆಪ್ಟೆಂಬರ್‌ನಲ್ಲಿ 3, ದಸರೆಯಿಂದ ಆಚೆಗೆ ಒಂದೂ ಇಲ್ಲ. ಒಟ್ಟು 58. ‘ನೂರೈವತ್ತಾದರೂ ಇರಬಹುದು ಅಂದುಕೊಂಡಿದ್ದೆ’ ಎಂದು ಅವರು ಆ ಚೀಟಿಯನ್ನು ಎರಡು ಸಲ ಕೂಡಿ ನೋಡಿದರು.

ಅವರೊಬ್ಬರದೇ ಕಥೆಯಲ್ಲ ಇದು. ಸ್ಟೆಫಾನೋ ಡೆಲ್ಲಾವಿಗ್ನಾ ಮತ್ತು ಉಲ್ರಿಕೆ ಮಾಲ್ಮೆಂಡಿಯರ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ಮೂರು ಜಿಮ್‌ಗಳ ದಾಖಲೆ ನೋಡಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಿಂಗಳ ಶುಲ್ಕ ಕಟ್ಟಿದವರಿಗೆ ಒಂದು ಭೇಟಿಗೆ 17 ಡಾಲರಿಗಿಂತ ಹೆಚ್ಚು ಬಿದ್ದಿತ್ತು. ಅದೇ ಜಿಮ್‌ಗಳಲ್ಲಿ ಹತ್ತು ಭೇಟಿಯ ಪಾಸು ಕೊಂಡಿದ್ದರೆ ಭೇಟಿಗೆ 10 ಡಾಲರಿನಲ್ಲಿ ಮುಗಿಯುತ್ತಿತ್ತು.

ಹಳೆಯ ಹಾಜರಿ ಇಲ್ಲದವರು ಮೊದಲ ತಿಂಗಳ ಉತ್ಸಾಹವನ್ನು ಹನ್ನೆರಡರಿಂದ ಗುಣಿಸಬಾರದು. ಕ್ಯಾಲೆಂಡರ್ ಮುಂದಿಟ್ಟುಕೊಂಡು ಮದುವೆ, ಹಬ್ಬ, ಪ್ರವಾಸ, ಕಚೇರಿಯ ವರ್ಷಾಂತ್ಯದ ಕೆಲಸ ಇರುವ ವಾರಗಳನ್ನು ಹೊಡೆದುಹಾಕಿ, ಉಳಿದ ವಾರಗಳಿಗೆ ಎರಡರಂತೆ ಮಾತ್ರ ಹಿಡಿಯಿರಿ.

ಇನ್ನು ಭಾಗಾಕಾರ ಸುಲಭ. 14,175ನ್ನು 58ರಿಂದ ಭಾಗಿಸಿದರೆ ಒಂದು ಭೇಟಿಗೆ 244 ರೂಪಾಯಿ, ಅಂದರೆ ದಿನದ ದರಕ್ಕಿಂತಲೂ 44 ರೂಪಾಯಿ ಹೆಚ್ಚು. ಅದೇ ಹಾಜರಿಗೆ ಮೊದಲ ಮೂರು ತಿಂಗಳ ಯೋಜನೆ ಕೊಂಡು, ಉಳಿದ 16 ಭೇಟಿಗೆ ದಿನಕ್ಕೆ 200ರಂತೆ ಕೊಟ್ಟಿದ್ದರೆ ಒಟ್ಟು 10,025, ಭೇಟಿಗೆ ಸುಮಾರು 173.

ಇಲ್ಲೊಂದು ಸೂಕ್ಷ್ಮವಿದೆ. ಮೂರು ತಿಂಗಳ ಯೋಜನೆಯ ಬದಲು ವರ್ಷದ್ದನ್ನು ಕೊಳ್ಳುವವರು ಹೆಚ್ಚುವರಿಯಾಗಿ ಕೊಡುವ 7,350 ರೂಪಾಯಿಯಿಂದ ಕೊಳ್ಳುವುದು ಕೊನೆಯ ಒಂಬತ್ತು ತಿಂಗಳನ್ನು ಮಾತ್ರ. ದಿನಕ್ಕೆ 200ರಂತೆ ಆ ಹಣ ಗಿಟ್ಟಬೇಕಾದರೆ ಆ ಒಂಬತ್ತು ತಿಂಗಳಲ್ಲಿ 37 ಸಲ ಹೋಗಿರಬೇಕು. ತಿಂಗಳಿಗೆ ನಾಲ್ಕರ ಲೆಕ್ಕವಾದ್ದರಿಂದ ಇದು ಅಂಥ ಕಷ್ಟದ ಮಾತಲ್ಲ, ಮೂರು ತಿಂಗಳ ನಂತರವೂ ಹೋಗುತ್ತಿರುವವರಿಗೆ ವರ್ಷದ ಯೋಜನೆ ನಿಜವಾಗಿಯೂ ಅಗ್ಗ. ಆದ್ದರಿಂದ ಹೊಸಬರು ಮೊದಲು ಮೂರು ತಿಂಗಳದ್ದನ್ನೇ ಕೊಳ್ಳಬೇಕೆಂಬುದು ನನ್ನ ಖಚಿತ ಸಲಹೆ. ಮೂರನೆಯ ತಿಂಗಳು ಹತ್ತಕ್ಕೂ ಹೆಚ್ಚು ದಿನ ಹೋಗಿದ್ದರೆ ಅವಧಿ ಮುಗಿಯುವ ಮುನ್ನವೇ ವರ್ಷಕ್ಕೆ ಮುಂದುವರಿಸಿ. ನಡುವೆ ಬಿಟ್ಟರೆ ಪ್ರವೇಶ ಶುಲ್ಕವನ್ನು ಮತ್ತೆ ಕೇಳುವ ಜಿಮ್‌ಗಳಿವೆ.

ಪ್ರವೇಶ ಶುಲ್ಕ ಮನ್ನಾ ಎಂಬ ‘ಇವತ್ತೊಂದೇ ದಿನ’ದ ಕೊಡುಗೆಗೆ ಅವಸರ ಬೇಡ. ಮೇಲಿನ ಲೆಕ್ಕದಲ್ಲಿ ಅದರ ಉಳಿತಾಯ ತೆರಿಗೆ ಸೇರಿ 1,575 ಅಷ್ಟೆ, ಎಂಟು ದಿನದ ದರವೂ ಆಗದು. ಇನ್ನೂ ಬಾಗಿಲೇ ತೆರೆಯದ ಜಿಮ್‌ನ ಮುಂಗಡ ಸದಸ್ಯತ್ವವನ್ನೂ ‘ಲೈಫ್‌ಟೈಮ್’ ಸದಸ್ಯತ್ವವನ್ನೂ ನಾನಂತೂ ಮುಟ್ಟುವುದಿಲ್ಲ. ವರ್ಷದ್ದನ್ನು ಕೊಳ್ಳುವುದೇ ಆದರೆ, ಊರಿಗೆ ಹೋದಾಗ ಎಷ್ಟು ದಿನ ಸದಸ್ಯತ್ವವನ್ನು ಫ್ರೀಜ್ ಮಾಡಬಹುದು, ಬೇರೆಯವರ ಹೆಸರಿಗೆ ವರ್ಗಾಯಿಸಲು ಎಷ್ಟು ಶುಲ್ಕ ಎಂಬುದನ್ನು ರಸೀದಿಯ ಮೇಲೆಯೇ ಬರೆಸಿಕೊಳ್ಳಿ.