ಕುಸುರೆಳ್ಳಿನಿಂದ ಮಾತ್ರೆಯವರೆಗೆ

ನನ್ನ ಮಗನಿಗೆ ಏಳು ವರ್ಷ. ಫಿಟ್ಸ್‌ಗೆ ಸಿರಪ್ ಕುಡಿಯುತ್ತಿದ್ದ. ಈ ಜನವರಿಯಲ್ಲಿ ಡಾಕ್ಟರು ಅದನ್ನು ಬದಲಾಯಿಸಿ, ಹೊಟ್ಟೆಯಲ್ಲಿ ನಿಧಾನವಾಗಿ ಕರಗುವ ಮಾತ್ರೆ ಬರೆದುಕೊಟ್ಟರು. ಅದನ್ನು ಪುಡಿ ಮಾಡುವ ಹಾಗಿಲ್ಲ, ಅಗಿಯುವ ಹಾಗೂ ಇಲ್ಲ. ಪುಡಿ ಮಾಡಿದರೆ ದಿನವಿಡೀ ಸ್ವಲ್ಪ ಸ್ವಲ್ಪವೇ ಸೇರಬೇಕಾದ ಔಷಧಿ ಒಂದೇ ಸಲಕ್ಕೆ ಮೈಗೆ ಸೇರಿಬಿಡುತ್ತದೆ. ಶುರು ಮಾಡೋಕೆ ಎರಡು ವಾರ ಟೈಮ್ ಇತ್ತು, ಅಷ್ಟರಲ್ಲಿ ಅವನಿಗೆ ಇಡಿಯಾಗಿ ನುಂಗೋದನ್ನು ಕಲಿಸಬೇಕಿತ್ತು.

ಸಂಕ್ರಾಂತಿ ಹತ್ತಿರ ಬಂದಿತ್ತು. ಗಾಂಧಿ ಬಜಾರಿನಿಂದ ಕುಸುರೆಳ್ಳು ತಂದು, ಅದರಲ್ಲಿ ತೀರಾ ಸಣ್ಣ ಕಾಳುಗಳನ್ನು ಆರಿಸಿಟ್ಟುಕೊಂಡೆ. ಗಂಟಲಲ್ಲಿ ಅಂಟಿದರೂ ಮೇಲಿನ ಸಕ್ಕರೆ ಬೇಗ ಕರಗುತ್ತದೆ, ಉಳಿಯೋದು ಒಳಗಿನ ಎಳ್ಳು ಮಾತ್ರ. ಆದರೆ ಮೊದಲ ದಿನ ನೀರೆಲ್ಲ ಒಳಗೆ ಹೋಯಿತು, ಕಾಳು ಮಾತ್ರ ನಾಲಿಗೆ ಮೇಲೇ ಉಳಿಯಿತು. ನಾಲ್ಕು ಸಲ ಹಾಗೇ ಆಯಿತು, ಐದನೇ ಸಲ ಕೆಮ್ಮು ಬಂತು.

ಯಾಕೆ ಅಂತ ಮಾರನೇ ದಿನ ಅವನ ಪಕ್ಕದಲ್ಲೇ ಕೂತು ನೋಡಿದಾಗ ಗೊತ್ತಾಯಿತು. ನಮ್ಮ ಮನೆಯಲ್ಲಿ ಎಲ್ಲರೂ ಲೋಟ ಎತ್ತಿ ಕುಡಿಯುವವರು. ಎಂಜಲಾಗಬಾರದು ಅಂತ ಅವನಿಗೂ ಅದನ್ನೇ ಕಲಿಸಿದ್ದೇವೆ. ಹಾಗೆ ಕುಡಿಯುವಾಗ ತಲೆ ಹಿಂದಕ್ಕೆ ವಾಲುತ್ತದೆ, ಬಾಯಿ ತೆರೆದೇ ಇರುತ್ತದೆ. ತಲೆ ಹಿಂದಕ್ಕಿದ್ದರೆ ನುಂಗೋದು ಕಷ್ಟ, ನೆತ್ತಿಗೆ ಹತ್ತೋದು ಸುಲಭ.

"ಅಮ್ಮ, ಇದೊಂದಕ್ಕೆ ಅವನು ಲೋಟ ಕಚ್ಚಿ ಕುಡಿಯಲಿ" ಅಂದೆ ಅತ್ತೆಗೆ. ಅವರೇ ಒಂದು ಪುಟ್ಟ ಸ್ಟೀಲ್ ಲೋಟ ತೆಗೆದುಕೊಟ್ಟು, "ಇದು ಇನ್ಮೇಲೆ ನಿಂದೇ ಕಣೋ" ಅಂದರು.

ಆಮೇಲೆ ನಾವು ಮಾಡಿದ್ದು ಹೀಗೆ. ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ, ಮೊದಲು ಒಂದು ಗುಟುಕು ನೀರು ಕುಡಿಸಿ ಗಂಟಲು ಒದ್ದೆ ಮಾಡುತ್ತಿದ್ದೆ. ಕಾಳನ್ನು ನಾಲಿಗೆಯ ನಡುವೆ, ಸ್ವಲ್ಪ ಹಿಂದಕ್ಕೆ ಇಡುತ್ತಿದ್ದೆ. ತುಟಿ ಲೋಟಕ್ಕೆ ತಾಗಿಸಿ, ಎದುರಿನ ಕ್ಯಾಲೆಂಡರ್ ನೋಡುತ್ತಾ ಬಾಯಿ ತುಂಬ ನೀರು ತಗೊಂಡು ಒಂದೇ ಗುಟುಕಿಗೆ ನುಂಗಬೇಕು. ನುಂಗಿದ ಮೇಲೆ ನಾಲಿಗೆ ಎತ್ತಿಸಿ, ಕೆನ್ನೆಯ ಒಳಗೂ ನೋಡುತ್ತಿದ್ದೆ. ಕಾಳು ಅಲ್ಲೇ ಅಡಗಿ ಕೂತಿರುತ್ತದೆ. ದಿನಕ್ಕೆ ಹತ್ತು ನಿಮಿಷ ಅಷ್ಟೇ. ನೆಗಡಿ ಬಂದ ಎರಡು ದಿನ ಮುಟ್ಟಲೇ ಇಲ್ಲ.

ಐದು ಸಲ ಸಲೀಸಾಗಿ ಹೋದರೆ ಮುಂದಿನ ಸೈಜು. ಕುಸುರೆಳ್ಳು ಆದ ಮೇಲೆ ಜೀರಿಗೆ ಪೆಪ್ಪರಮೆಂಟು. ಅಲ್ಲಿಂದ ನೇರ ಜೆಮ್ಸ್‌ಗೆ ಹಾರಿದ್ದು ನನ್ನ ತಪ್ಪು. ಅದು ಅಗಲ ಜಾಸ್ತಿ, ಎರಡು ಸಲ ಉಗಿದ. ವಾಪಸ್ ಪೆಪ್ಪರಮೆಂಟಿಗೆ ಬಂದು, ಅದು ಹೋದ ಖುಷಿಯಲ್ಲೇ ಅವತ್ತಿನದು ಮುಗಿಸಿದೆ. ಮುಂದೆ ಟಿಕ್ ಟ್ಯಾಕ್ ತಂದೆ. ಉದ್ದಕ್ಕೆ, ನುಣುಪಾಗಿ ಹೆಚ್ಚುಕಡಿಮೆ ಮಾತ್ರೆ ಥರವೇ ಇರುತ್ತದೆ ಅಲ್ವಾ?

ಮಾತ್ರೆಯನ್ನು ಮಾತ್ರ ಒಮ್ಮೆಯೂ ಮಿಠಾಯಿ ಅಂತ ಕರೆಯಲಿಲ್ಲ. ಮಿಠಾಯಿ ಡಬ್ಬಿ ಅಡುಗೆಮನೆಯಲ್ಲಿ, ಔಷಧಿ ಬೀರುವಿನ ಒಳಗೆ ಬೀಗ ಹಾಕಿ. ಮೂರು ವರ್ಷದ ತಂಗಿ ಮಲಗಿದ ಮೇಲೇ ಅಭ್ಯಾಸ, ಅವಳ ವಯಸ್ಸಿಗೆ ಇದು ಅಪಾಯ. ಊಟ, ನೀರಿಗೂ ಪದೇ ಪದೇ ಕೆಮ್ಮುವ ಮಗುವಾದರೆ ಡಾಕ್ಟರನ್ನು ಕೇಳದೆ ಶುರು ಮಾಡಲೇಬಾರದು.

ಹನ್ನೆರಡನೇ ರಾತ್ರಿ ನಿಜವಾದ ಮಾತ್ರೆ ಕೊಟ್ಟೆ. ಮೊದಲ ಗುಟುಕಿಗೆ ಹೋಗಲಿಲ್ಲ. ಎರಡನೆಯದಕ್ಕೆ ಹೋಯಿತು. ನಾನು ಕೇಳುವ ಮೊದಲೇ ನಾಲಿಗೆ ಎತ್ತಿ ತೋರಿಸಿದ.