ಕ್ಯಾಪ್ಸೂಲ್ ಟ್ಯಾಂಕಿನ ಲೀಟರ್ ಲೆಕ್ಕ: ಟೇಪಿನಿಂದ ಡಿಪ್ ಕಡ್ಡಿಯವರೆಗೆ

ನಡುವೆ ಸಿಲಿಂಡರ್, ಎರಡೂ ತುದಿಗೆ ಅರ್ಧಗೋಳ. ಇಂಥ ಟ್ಯಾಂಕಿನ ಘನಫಲದ ಸೂತ್ರ ಎಲ್ಲರಿಗೂ ಬರುತ್ತದೆ: ಎರಡು ಅರ್ಧಗೋಳ ಸೇರಿ ಒಂದು ಪೂರ್ತಿ ಗೋಳ, ಅದಕ್ಕೆ ಸಿಲಿಂಡರನ್ನು ಕೂಡಿಸಿದರಾಯಿತು. ಸೂತ್ರದಲ್ಲಿ ಎಡವಿದವರನ್ನು ನಾನು ಕಂಡಿದ್ದು ಕಡಿಮೆ, ಅದರೊಳಗೆ ಹಾಕುವ ಉದ್ದದಲ್ಲಿ ಎಡವುವವರೇ ಹೆಚ್ಚು. ಟ್ಯಾಂಕಿನ ಮುಂದೆ ಟೇಪು ಹಿಡಿದು ನಿಂತಾಗ ಸಿಗುವುದು ಒಟ್ಟು ಉದ್ದ. ಸೂತ್ರಕ್ಕೆ ಬೇಕಿರುವುದು ಸಿಲಿಂಡರಿನ ಉದ್ದ. ಒಟ್ಟು ಉದ್ದ `L`, ತ್ರಿಜ್ಯ `r` ಎಂದುಕೊಂಡರೆ:

```
h = L - 2r
V = π r² h + (4/3) π r³
  = π r² (L - 2r/3)
```

ನಾನು ಬಳಸುವುದು ಕೊನೆಯ ಸಾಲನ್ನೇ. ಅಳೆದ ಉದ್ದವನ್ನು ನೇರವಾಗಿ ಹಾಕಬಹುದು, `h` ಕಳೆಯಲು ಮರೆಯುವ ಪ್ರಶ್ನೆಯೇ ಬರುವುದಿಲ್ಲ.

ಮಲಗಿಸಿದ ಒಂದು ಟ್ಯಾಂಕನ್ನೇ ತೆಗೆದುಕೊಳ್ಳೋಣ. ವ್ಯಾಸವನ್ನು ನೇರವಾಗಿ ಅಳೆಯಲು ನಾನು ಹೋಗುವುದಿಲ್ಲ, ಟೇಪು ಸರಿಯಾಗಿ ನಡುವಿನಲ್ಲೇ ಹಾದಿದೆಯೆಂದು ಹೇಳಲಾಗದು. ಬದಲಿಗೆ ಸುತ್ತಳತೆ ಹಿಡಿಯುತ್ತೇನೆ. ಟೇಪು ಓರೆಯಾಗದಂತೆ, ವೆಲ್ಡಿಂಗ್ ಉಬ್ಬಿನ ಮೇಲೆ ಹಾಯದಂತೆ ಮೂರು ಜಾಗದಲ್ಲಿ ಸುತ್ತಿ ಸರಾಸರಿ ತೆಗೆದರೆ ಸಾಕು. ಇಲ್ಲಿ ಅದು 3.82 ಮೀಟರ್ ಬಂತು ಅನ್ನಿ. ಪೈಯಿಂದ ಭಾಗಿಸಿದರೆ ಹೊರವ್ಯಾಸ 1.216 ಮೀಟರ್. ಪ್ಲೇಟಿನ ದಪ್ಪ 8 ಮಿ.ಮೀ., ಎರಡೂ ಬದಿಯದು ಕಳೆದರೆ ಒಳವ್ಯಾಸ 1.2 ಮೀಟರ್, ತ್ರಿಜ್ಯ 0.6. ಉದ್ದಕ್ಕೆ ಎರಡೂ ತುದಿಯ ಉಬ್ಬಿಗೆ ತಾಗುವಂತೆ ತೂಗುಗುಂಡು ಇಳಿಬಿಟ್ಟು, ಎರಡು ದಾರಗಳ ನಡುವಿನ ಅಂತರ ಅಳೆಯುತ್ತೇನೆ. ಹೊರಗಿನ ಉದ್ದ 4.016 ಮೀಟರ್ ಇದ್ದರೆ ಒಳಗಿನದು 4.0.

ಘನಫಲ = 3.1416 × 0.36 × (4.0 − 0.4) = 4.072 ಘನಮೀಟರ್, ಅಂದರೆ 4,072 ಲೀಟರ್.

ಇದೇ ಟ್ಯಾಂಕಿಗೆ ಒಟ್ಟು 4 ಮೀಟರನ್ನೇ ಸಿಲಿಂಡರಿನ ಉದ್ದವೆಂದು ಹಿಡಿದು, ಮೇಲೆ ಗೋಳವನ್ನೂ ಕೂಡಿಸಿದರೆ 5,429 ಲೀಟರ್ ಬರುತ್ತದೆ. ಮೂರನೇ ಒಂದು ಭಾಗ ಹೆಚ್ಚು! ಪ್ಲೇಟಿನ ದಪ್ಪ ಕಳೆಯದೆ ಹೊರಗಿನ ಅಳತೆಯನ್ನೇ ಹಾಕಿದರೆ 4,193, ಅಂದರೆ ಶೇ. 3ರಷ್ಟು ಜಾಸ್ತಿ. ಮೊದಲನೆಯ ತಪ್ಪು ಟ್ಯಾಂಕು ತುಂಬಿಸುವಾಗ ಬಯಲಾಗುತ್ತದೆ. ಎರಡನೆಯದು ಮೀಟರಿನ ದೋಷವೆಂದೋ ಸೋರಿಕೆಯೆಂದೋ ತೋರುತ್ತಾ ವರ್ಷಗಟ್ಟಲೆ ಉಳಿದುಬಿಡಬಹುದು.

ತುದಿಗಳು ನಿಜಕ್ಕೂ ಅರ್ಧಗೋಳವೇ ಎಂಬುದನ್ನೂ ಖಚಿತಪಡಿಸಿಕೊಳ್ಳಬೇಕು. ದೂರದಿಂದ ಕ್ಯಾಪ್ಸೂಲಿನಂತೆ ಕಾಣುವ ಎಷ್ಟೋ ಟ್ಯಾಂಕುಗಳ ಡಿಶ್ ಎಂಡ್ ಚಪ್ಪಟೆಯಾಗಿರುತ್ತದೆ. ಪರೀಕ್ಷೆ ಸುಲಭ: ಬಾಗು ಶುರುವಾಗುವ ಗೆರೆಯಿಂದ ಟೇಪನ್ನು ತುದಿಯ ನಡುನೆತ್ತಿಯ ಮೇಲೆ ಹಾಯಿಸಿ, ನೇರ ಎದುರಿನ ಬದಿಯ ಗೆರೆಗೆ ತನ್ನಿ. ಅರ್ಧಗೋಳವಾದರೆ ಈ ಅಳತೆ ಸುತ್ತಳತೆಯ ಸರಿ ಅರ್ಧ ಇರಬೇಕು, ನಮ್ಮ ಟ್ಯಾಂಕಿಗೆ 1.91 ಮೀಟರ್. ಸುಮಾರು 1.47 ಬಂದರೆ ಅದು ಎರಡಕ್ಕೊಂದರ ದೀರ್ಘವೃತ್ತದ ತುದಿ, ಅದರ ಆಳ ವ್ಯಾಸದ ಕಾಲು ಭಾಗ ಮಾತ್ರ. ಬಾಗು ಶುರುವಾಗುವ ಗೆರೆ ಎಂದಿದ್ದೇಕೆಂದರೆ, ಬೆಸುಗೆಯ ಗೆರೆ ಅದೇ ಜಾಗದಲ್ಲಿ ಇರಬೇಕೆಂದಿಲ್ಲ. ಚಪ್ಪಟೆ ತುದಿಗಳಿಗೆ ಸಾಮಾನ್ಯವಾಗಿ ಕೆಲವು ಸೆಂಟಿಮೀಟರ್ ನೇರ ಅಂಚು ಬಿಟ್ಟಿರುತ್ತಾರೆ, ಬೆಸುಗೆ ಆ ಅಂಚಿಗೆ ಬೀಳುತ್ತದೆ. ಗೆರೆ ಗೊತ್ತಾಗದಿದ್ದರೆ ಶೆಲ್ಲಿನ ಮೇಲೆ ನೇರಪಟ್ಟಿ ಇಟ್ಟು ನೋಡಿ, ಪಟ್ಟಿಯ ಕೆಳಗೆ ಸಂದು ಕಾಣಿಸಿಕೊಳ್ಳುವಲ್ಲಿಂದ ಬಾಗು ಶುರು.

ಚಪ್ಪಟೆ ತುದಿಯೆಂದರೆ ಹಿಡಿತ ಕಡಿಮೆ ಎಂದು ತೋರುವುದು ಸಹಜ. ಒಟ್ಟು ಉದ್ದ ಅಷ್ಟೇ ಇದ್ದರೆ ಆಗುವುದು ತಿರುಗುಮುರುಗು: ತುದಿ ಗಿಡ್ಡವಾದಷ್ಟೂ ಸಿಲಿಂಡರ್ ಉದ್ದವಾಗುತ್ತದೆ. ಮೇಲಿನ ಅಳತೆಗೇ ದೀರ್ಘವೃತ್ತದ ತುದಿ ಹಾಕಿದರೆ ಟ್ಯಾಂಕು 4,298 ಲೀಟರ್ ಹಿಡಿಯುತ್ತದೆ.

ಇನ್ನು ಡಿಪ್ ಕಡ್ಡಿ. ಟ್ಯಾಂಕು ಮಲಗಿರುವಾಗ ಎತ್ತರವೂ ಲೀಟರೂ ಒಂದೇ ಪ್ರಮಾಣದಲ್ಲಿ ಏರುವುದಿಲ್ಲ. ಆಳ `d` ಇದ್ದಾಗ ಸಿಲಿಂಡರಿನಲ್ಲಿರುವುದು ವೃತ್ತಖಂಡದ ವಿಸ್ತೀರ್ಣ ಗುಣಿಸು `h`. ಎರಡು ತುದಿಗಳಲ್ಲಿರುವುದನ್ನು ಸೇರಿಸಿದರೆ ಒಂದೇ ಗೋಳದ ತಳದಲ್ಲಿ `d` ಎತ್ತರಕ್ಕೆ ನಿಂತ ದ್ರವದಷ್ಟಾಗುತ್ತದೆ. ಅದರ ಸೂತ್ರ ಸಿಲಿಂಡರಿನದಕ್ಕಿಂತ ಸರಳ.

```
A   = r² acos((r-d)/r) - (r-d) √(2rd - d²)
cap = π d² (3r - d) / 3
V   = A h + cap
```

ಆಳ 30 ಸೆಂ.ಮೀ. ಇದ್ದಾಗ ನೋಡೋಣ. ವ್ಯಾಸದ ಕಾಲು ಭಾಗವಾದ್ದರಿಂದ ಕಾಲು ಟ್ಯಾಂಕು, ಅಂದರೆ 1,018 ಲೀಟರ್ ಇರಬೇಕೆಂದು ಅನಿಸುತ್ತದೆ. ಲೆಕ್ಕ ಹಾಕಿದರೆ `A` 0.2211 ಚದರ ಮೀಟರ್, ಅದನ್ನು 2.8ರಿಂದ ಗುಣಿಸಿದರೆ 0.619 ಘನಮೀಟರ್. ತುದಿಗಳದು 0.141. ಒಟ್ಟು 760 ಲೀಟರ್. ಇದ್ದದ್ದಕ್ಕಿಂತ ಸುಮಾರು 258 ಲೀಟರ್ ಹೆಚ್ಚು ಇದೆಯೆಂದು ನಂಬಿ ಕೂತಂತಾಯಿತು. ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿದ್ದರೆ `acos` 1.047 ಬದಲು 60 ಕೊಡುತ್ತದೆ, ಇಡೀ ಟ್ಯಾಂಕಿಗಿಂತ ಎಷ್ಟೋ ಪಟ್ಟು ದೊಡ್ಡ ಉತ್ತರ ಬಂದರೆ ಕಾರಣ ಇದೇ.

ಪ್ರತಿ ಸಲ ಈ ಲೆಕ್ಕ ಹಾಕುತ್ತ ಕೂರುವ ಬದಲು ಒಂದೇ ಸಲಕ್ಕೆ ಪಟ್ಟಿ ತೆಗೆದು, ಕಡ್ಡಿಯ ಪಕ್ಕ ತೂಗುಹಾಕುವುದು ನನ್ನ ಪದ್ಧತಿ:

```python
from math import acos, sqrt, pi
r, h = 0.6, 2.8
for cm in range(5, 121, 5):
    d = cm / 100
    k = max(-1, min(1, (r - d) / r))
    A = r*r*acos(k) - (r - d)*sqrt(max(0, 2*r*d - d*d))
    cap = pi*d*d*(3*r - d) / 3
    print(cm, round((A*h + cap) * 1000))
```

ಪಟ್ಟಿಯನ್ನು ನಂಬುವ ಮೊದಲು ನಾಲ್ಕು ಸಾಲು ನೋಡುತ್ತೇನೆ. 120ಕ್ಕೆ ಪೂರ್ತಿ 4,072, 60ಕ್ಕೆ ಅದರ ಅರ್ಧ 2,036 ಇರಬೇಕು. 30 ಮತ್ತು 90ರ ಎದುರಿನ ಅಂಕಿಗಳನ್ನು ಕೂಡಿದರೆ ಪೂರ್ತಿ ಘನಫಲಕ್ಕೆ ಹೊಂದಬೇಕು, ಅಂಕಿ ದುಂಡಾಗಿಸಿದ್ದರಿಂದ ಒಂದು ಲೀಟರ್ ಆಚೀಚೆ ಆದರೆ ತೊಂದರೆಯಿಲ್ಲ. ಮೊದಲ ಸಾಲು, ಅಂದರೆ 5 ಸೆಂ.ಮೀ.ಗೆ, 50 ಲೀಟರ್. ಹೊರಹೋಗುವ ಪೈಪು ತಳದಿಂದ ಅಷ್ಟು ಎತ್ತರದಲ್ಲಿದ್ದರೆ ಆ 50 ಲೀಟರ್ ಎಂದೂ ಕೈಗೆ ಸಿಗದು, ಬಳಕೆಯ ಲೆಕ್ಕದಿಂದ ಕಳೆದುಬಿಡಿ.

ಕಡ್ಡಿ ಓದುವಾಗಿನ ತಪ್ಪಿನ ಬೆಲೆಯೂ ಎಲ್ಲ ಎತ್ತರದಲ್ಲಿ ಒಂದೇ ಅಲ್ಲ. 5 ಸೆಂ.ಮೀ. ಆಳದಲ್ಲಿ ಒಂದು ಸೆಂಟಿಮೀಟರ್ ಎಂದರೆ 15 ಲೀಟರ್, ಅರ್ಧ ಟ್ಯಾಂಕಿನಲ್ಲಿ 45. ಹಾಗಾಗಿ ದ್ರವ ನಡುಮಟ್ಟದಲ್ಲಿರುವಾಗ ಎರಡು ಸಲ ಇಳಿಸಿ ಓದುತ್ತೇನೆ.

ಇಳಿಜಾರಿನ ಕಾಟ ಇಲ್ಲಿಯೇ ಜೋರು. ನೀರು ಬಸಿಯಲೆಂದು ಟ್ಯಾಂಕನ್ನು ಮೀಟರಿಗೆ ಒಂದು ಸೆಂಟಿಮೀಟರಿನಷ್ಟು ವಾಲಿಸಿ ಕೂರಿಸಿದ್ದಾರೆ, ಕಡ್ಡಿಯ ತೂತು ಸಿಲಿಂಡರಿನ ಕೊನೆಯಲ್ಲಿದೆ ಎಂದುಕೊಳ್ಳಿ. ನಡುವಿನಿಂದ 1.4 ಮೀಟರ್ ದೂರ, ಓದಿನಲ್ಲಿ 1.4 ಸೆಂ.ಮೀ. ವ್ಯತ್ಯಾಸ, ಅರ್ಧ ತುಂಬಿದಾಗ 63 ಲೀಟರ್. ತಗ್ಗಿನ ತುದಿಯಲ್ಲಿ ಅದ್ದಿದರೆ ಹೆಚ್ಚು ತೋರಿಸುತ್ತದೆ, ಎತ್ತರದ ತುದಿಯಲ್ಲಿ ಕಡಿಮೆ. ತೂತನ್ನು ಉದ್ದದ ಸರಿ ನಡುವಿಗೆ ಕೊರೆಸಿದರೆ ಅರ್ಧದ ಆಸುಪಾಸಿನ ಮಟ್ಟಗಳಲ್ಲಿ ಈ ತಪ್ಪು ಬಹುತೇಕ ಇಲ್ಲವಾಗುತ್ತದೆ. ತಳದ ಕೆಲವು ಸೆಂಟಿಮೀಟರುಗಳಲ್ಲಿ ಮಾತ್ರ ದ್ರವವೆಲ್ಲ ಒಂದೇ ಬದಿಗೆ ಸರಿದಿರುವುದರಿಂದ ಅಲ್ಲಿ ಪಟ್ಟಿ ನಡೆಯುವುದಿಲ್ಲ. ಆ ಭಾಗಕ್ಕೆ ಅಳತೆಯ ಕ್ಯಾನಿನಿಂದ ಇಪ್ಪತ್ತಿಪ್ಪತ್ತು ಲೀಟರ್ ಸುರಿಯುತ್ತ ಕಡ್ಡಿಯ ಮೇಲೇ ಗುರುತು ಹಾಕಿಕೊಳ್ಳುತ್ತೇನೆ.